ಸಾಲಾಗಿ ಓದಿದರೆ ವೇಗ: ಕ್ಯಾಶೆಯ ವಾದ ಎಲ್ಲಿಯವರೆಗೆ ಸರಿ?

ಸಿ ಭಾಷೆ ಕಲಿತವರೆಲ್ಲರಿಗೂ ಗೊತ್ತಿರುವ ಒಂದು ಸಲಹೆ ಇದೆ. ಸಂಖ್ಯೆಗಳ ದೊಡ್ಡ ಕೋಷ್ಟಕವನ್ನು, ಅಂದರೆ ಎರಡು ಆಯಾಮದ ಅರೇಯನ್ನು, ಪೂರ್ತಿಯಾಗಿ ಓದಬೇಕಾದಾಗ ಸಾಲು ಸಾಲಾಗಿ ಓದಿ, ಕಾಲಂ ಕಾಲಂ ಆಗಿ ಓದಬೇಡಿ. ಏಕೆ ಎಂದು ಕೇಳಿದರೆ ಒಂದೇ ಪದದ ಉತ್ತರ ಸಿಗುತ್ತದೆ: ಕ್ಯಾಶೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಬರುತ್ತದೆ, ಕೆಲಸದ ಸಂದರ್ಶನದಲ್ಲಿ ಇಷ್ಟು ಹೇಳಿದರೆ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಸಲಹೆ ಒಳ್ಳೆಯದೇ. ಆದರೆ ಅದಕ್ಕೆ ಕೊಡುವ ಕಾರಣವನ್ನು ಹೆಜ್ಜೆ ಹೆಜ್ಜೆಯಾಗಿ ಪರಿಶೀಲಿಸಿದರೆ ನಡುವೆ ಒಂದು ಹೆಜ್ಜೆಯೇ ಇಲ್ಲದಿರುವುದು ಕಾಣುತ್ತದೆ. ಆ ಹೆಜ್ಜೆಯನ್ನು ತುಂಬಿಸಿಕೊಂಡರೆ ಸಲಹೆ ಯಾವಾಗ ದೊಡ್ಡ ಲಾಭ ತರುತ್ತದೆ, ಯಾವಾಗ ಏನೂ ತರುವುದಿಲ್ಲ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಹೇಳಬಹುದು.

ಹೋಲಿಸಬೇಕಾದ ಎರಡು ತುಣುಕುಗಳು ಇವು. ಎರಡೂ ಒಂದೇ ಮೊತ್ತವನ್ನು ಕಂಡುಹಿಡಿಯುತ್ತವೆ. ಲೂಪುಗಳ ಸ್ಥಾನ ಮಾತ್ರ ಅದಲು ಬದಲಾಗಿದೆ.

```c
/* ಸಾಲಿನ ಕ್ರಮ */
for (i = 0; i < R; i++)
    for (j = 0; j < C; j++)
        sum += a[i][j];

/* ಕಾಲಂ ಕ್ರಮ */
for (j = 0; j < C; j++)
    for (i = 0; i < R; i++)
        sum += a[i][j];
```

ನಮ್ಮ ಕಣ್ಣಿಗೆ ಕೋಷ್ಟಕಕ್ಕೆ ಉದ್ದವೂ ಅಗಲವೂ ಇದೆ. ಕಂಪ್ಯೂಟರಿನ ಮೆಮೊರಿಗೆ ಇರುವುದು ಉದ್ದ ಮಾತ್ರ. ಅದು ಒಂದರ ಪಕ್ಕ ಒಂದು ಬೈಟುಗಳ ಸಾಲು. ಹಾಗಾಗಿ ಕೋಷ್ಟಕವನ್ನು ಹೇಗಾದರೂ ಒಂದೇ ಎಳೆಯಾಗಿ ಬಿಡಿಸಿ ಇಡಬೇಕು. ಸಿ ಭಾಷೆಯ ನಿಯಮದಲ್ಲಿ ಮೊದಲ ಸಾಲು ಪೂರ್ತಿ ಬರುತ್ತದೆ, ಅದರ ಬೆನ್ನಿಗೆ ಎರಡನೆಯ ಸಾಲು, ಆಮೇಲೆ ಮೂರನೆಯದು. ಫೋರ್ಟ್ರಾನ್‌ನಲ್ಲಿ ಇದಕ್ಕೆ ವಿರುದ್ಧವಾಗಿ ಮೊದಲ ಕಾಲಂ ಪೂರ್ತಿಯಾಗಿ ಮೊದಲು ಬರುತ್ತದೆ, ಆದ್ದರಿಂದ ಅಲ್ಲಿ ಸಲಹೆಯೂ ತಿರುಗುಮುರುಗಾಗುತ್ತದೆ. ಸಿಯಲ್ಲಿ ಒಂದು `int` ಸಾಮಾನ್ಯವಾಗಿ 4 ಬೈಟ್. ಸಾಲಿಗೆ 1024 ಸಂಖ್ಯೆಗಳಿದ್ದರೆ ಅದೇ ಸಾಲಿನ ಪಕ್ಕದ ಸಂಖ್ಯೆ 4 ಬೈಟ್ ದೂರದಲ್ಲಿರುತ್ತದೆ, ಅದೇ ಕಾಲಂನ ಕೆಳಗಿನ ಸಂಖ್ಯೆ 4096 ಬೈಟ್ ದೂರದಲ್ಲಿರುತ್ತದೆ.

ಇಲ್ಲಿಂದ ಕ್ಯಾಶೆಯ ವಾದ ಶುರು. ಮುಖ್ಯ ಮೆಮೊರಿಯಿಂದ ಒಂದು ಸಂಖ್ಯೆ ತರುವುದಕ್ಕೆ ಪ್ರೊಸೆಸರ್ ನೂರಾರು ಗಡಿಯಾರ ಬಡಿತಗಳಷ್ಟು ಕಾಯಬೇಕಾಗಬಹುದು. ಅದಕ್ಕೇ ಪ್ರೊಸೆಸರಿನೊಳಗೆ ಚಿಕ್ಕ, ಚುರುಕಾದ ಮೆಮೊರಿಗಳನ್ನು ಇಟ್ಟಿರುತ್ತಾರೆ, ಇವೇ ಕ್ಯಾಶೆಗಳು. ಪ್ರೊಸೆಸರಿಗೆ ಅತಿ ಹತ್ತಿರದ್ದು ಎಲ್1. ಅಲ್ಲಿಂದ ತರುವುದಕ್ಕೆ ನಾಲ್ಕೈದು ಬಡಿತ ಸಾಕು, ಆದರೆ ಅದರ ಗಾತ್ರ ಬಹಳ ಕಾಲದವರೆಗೆ ಇಂಟೆಲ್ ಚಿಪ್ಪುಗಳಲ್ಲಿ 32 ಕಿಲೋಬೈಟ್ ಮಾತ್ರ ಇತ್ತು. ನೀವು ಒಂದೇ ಸಂಖ್ಯೆ ಕೇಳಿದರೂ ಕ್ಯಾಶೆ ಒಂದನ್ನೇ ತರುವುದಿಲ್ಲ, 64 ಬೈಟಿನ ಒಂದು ಇಡೀ ಕಟ್ಟನ್ನು ತರುತ್ತದೆ. ಈ ಕಟ್ಟಿಗೆ ಕ್ಯಾಶೆ ಲೈನ್ ಎಂದು ಹೆಸರು. ಒಂದು ಲೈನಿನಲ್ಲಿ ನಮ್ಮ 16 ಸಂಖ್ಯೆಗಳು ಹಿಡಿಯುತ್ತವೆ.

ವಾದ ಹೀಗೆ ಮುಂದುವರಿಯುತ್ತದೆ: ಸಾಲಿನ ಕ್ರಮದಲ್ಲಿ ಹೋದರೆ ಒಂದು ಸಲ ತಂದ ಲೈನಿನಲ್ಲಿ ಮುಂದಿನ 15 ಸಂಖ್ಯೆಗಳೂ ಸಿಗುತ್ತವೆ, ಹಾಗಾಗಿ 16 ಓದುಗಳಿಗೆ ಒಂದೇ ಮಿಸ್. ಕಾಲಂ ಕ್ರಮದಲ್ಲಿ ಪ್ರತಿ ಹೆಜ್ಜೆಗೂ ಬೇರೆ ಲೈನ್ ಬೇಕು, ಹಾಗಾಗಿ ಪ್ರತಿ ಓದೂ ಮಿಸ್. ಕೊನೆಗೆ ಬರುವ ತೀರ್ಮಾನ, ಕಾಲಂ ಕ್ರಮ 16 ಪಟ್ಟು ಕೆಟ್ಟದು.

ಬಿಟ್ಟುಹೋದ ಹೆಜ್ಜೆ ಇರುವುದು ಇಲ್ಲಿಯೇ. ಒಂದು ದಿನಸಿ ಅಂಗಡಿಯನ್ನು ನೆನೆಯಿರಿ. ಗಿರಾಕಿ ಒಂದು ಸೋಪು ಕೇಳಿದರೆ ಹುಡುಗ ಒಳಗಿನ ಉಗ್ರಾಣದಿಂದ 16 ಸೋಪಿನ ಇಡೀ ಪೆಟ್ಟಿಗೆಯನ್ನೇ ತಂದು ಕಟ್ಟೆಯ ಮೇಲಿಡುತ್ತಾನೆ. ಗಿರಾಕಿ ಸೋಪು, ಬಿಸ್ಕತ್ತು, ಬೆಂಕಿಪೊಟ್ಟಣ ಎಂದು ಬೇರೆ ಬೇರೆ ಪೆಟ್ಟಿಗೆಗಳಿಂದ ಒಂದೊಂದನ್ನೇ ಕೇಳುತ್ತಾ ಹೋದ, ಪಟ್ಟಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದ ಎನ್ನೋಣ. ಎರಡನೆಯ ಸುತ್ತಿನಲ್ಲಿ ಹುಡುಗ ಉಗ್ರಾಣಕ್ಕೆ ಹೋಗಬೇಕೇ? ಕಟ್ಟೆಯ ಮೇಲೆ ಎಲ್ಲ ಪೆಟ್ಟಿಗೆಗಳಿಗೂ ಜಾಗವಿದ್ದರೆ ಬೇಕಿಲ್ಲ. ಜಾಗ ಸಾಲದೆ ಹಳೆಯ ಪೆಟ್ಟಿಗೆಗಳನ್ನು ವಾಪಸು ಒಳಗಿಟ್ಟಿದ್ದರೆ ಮಾತ್ರ ಹೋಗಬೇಕು.

ಕಾಲಂ ಕ್ರಮವೂ ಹಾಗೆಯೇ. ಮೊದಲ ಕಾಲಂ ಇಳಿಯುವಾಗ ಪ್ರತಿ ಓದೂ ಮಿಸ್, ನಿಜ. ಆದರೆ ಆಗ ಬಂದ ಪ್ರತಿ ಲೈನಿನಲ್ಲೂ ಎರಡನೆಯ, ಮೂರನೆಯ, ಹದಿನಾರನೆಯ ಕಾಲಂಗಳ ಸಂಖ್ಯೆಗಳು ಕೂತಿವೆ. ನಾವು ಎರಡನೆಯ ಕಾಲಂಗೆ ಬರುವ ತನಕ ಆ ಲೈನುಗಳು ಕ್ಯಾಶೆಯಲ್ಲಿ ಉಳಿದಿದ್ದರೆ ಮುಂದಿನ 15 ಕಾಲಂಗಳಲ್ಲಿ ಒಂದೂ ಮಿಸ್ ಆಗುವುದಿಲ್ಲ. ಅಂದರೆ ಕಾಲಂ ಕ್ರಮದಲ್ಲೂ 16 ಓದಿಗೆ ಒಂದೇ ಮಿಸ್. ಹಾಗಾಗಿ ‘ಪ್ರತಿ ಹೆಜ್ಜೆಗೂ ಬೇರೆ ಲೈನ್’ ಎಂದಷ್ಟೇ ಹೇಳಿದರೆ ಏನೂ ಸಾಬೀತಾಗುವುದಿಲ್ಲ. ತಂದ ಲೈನು ಮತ್ತೆ ಬೇಕಾಗುವ ಮೊದಲೇ ಹೊರಬೀಳುತ್ತದೆ ಎಂಬುದನ್ನೂ ತೋರಿಸಬೇಕು.

ಲೈನು ಉಳಿಯುತ್ತದೋ ಇಲ್ಲವೋ ಎಂಬುದು ಅರೇಯ ಒಟ್ಟು ಗಾತ್ರವನ್ನು ಅವಲಂಬಿಸಿಲ್ಲ. ‘ಅರೇ ಕ್ಯಾಶೆಗಿಂತ ದೊಡ್ಡದು, ಅದಕ್ಕೇ ನಿಧಾನ’ ಎಂಬ ವಿವರಣೆ ಬಹಳ ಕಡೆ ಕಾಣುತ್ತದೆ, ಅದೂ ಅರೆಬರೆ. ಒಂದು ಕಾಲಂ ಇಳಿಯಲು ಎಷ್ಟು ಲೈನು ಬೇಕು? ಎಷ್ಟು ಸಾಲುಗಳಿವೆಯೋ ಅಷ್ಟು. 100 ಸಾಲು, 10 ಲಕ್ಷ ಕಾಲಂಗಳಿರುವ ಅರೇಯ ಗಾತ್ರ 400 ಮೆಗಾಬೈಟಿನಷ್ಟಾಗುತ್ತದೆ. ಆದರೂ ಕಾಲಂ ಕ್ರಮದಲ್ಲಿ ಯಾವುದೇ ಹೊತ್ತಿಗೆ ಬೇಕಿರುವುದು 100 ಲೈನು, ಅಂದರೆ 6400 ಬೈಟ್. ಒಟ್ಟು ಜಾಗವನ್ನಷ್ಟೇ ನೋಡುವುದಾದರೆ 32 ಕಿಲೋಬೈಟಿನ ಎಲ್1ರಲ್ಲಿ ಅದು ಆರಾಮವಾಗಿ ಹಿಡಿಯುತ್ತದೆ. 32 ಕಿಲೋಬೈಟ್ ಎಂದರೆ 512 ಲೈನು. ಆದ್ದರಿಂದ ಗಡಿ ಇರಬೇಕಾದುದು 512 ಸಾಲುಗಳ ಆಸುಪಾಸಿನಲ್ಲಿ.

ಇರಬೇಕಾದುದು ಎಂದು ಎಚ್ಚರಿಕೆಯಿಂದ ಬರೆದಿದ್ದೇನೆ, ಏಕೆಂದರೆ ಕ್ಯಾಶೆ ಸಿಕ್ಕ ಖಾಲಿ ಜಾಗದಲ್ಲಿ ಲೈನನ್ನು ಇಡುವುದಿಲ್ಲ. ನಾವು ಲೆಕ್ಕಕ್ಕೆ ತೆಗೆದುಕೊಂಡ ಎಲ್1ರಲ್ಲಿ 64 ಗೂಡುಗಳಿವೆ, ಇವಕ್ಕೆ ಸೆಟ್ ಎನ್ನುತ್ತಾರೆ. ಒಂದೊಂದು ಸೆಟ್ಟಿನಲ್ಲಿ 8 ಲೈನುಗಳಿಗೆ ಸ್ಥಳ. ಯಾವ ಲೈನು ಯಾವ ಸೆಟ್ಟಿಗೆ ಹೋಗಬೇಕೆಂಬುದು ಅದರ ವಿಳಾಸದಿಂದಲೇ ತೀರ್ಮಾನವಾಗುತ್ತದೆ. ಲೈನಿನ ಕ್ರಮಸಂಖ್ಯೆಯನ್ನು 64ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಸೆಟ್ಟಿನ ಸಂಖ್ಯೆ. ಹಾಗಾಗಿ ಸರಿಯಾಗಿ 64 ಲೈನುಗಳ, ಅಂದರೆ 4096 ಬೈಟುಗಳ ಅಂತರದಲ್ಲಿರುವ ಎಲ್ಲ ಲೈನುಗಳೂ ಒಂದೇ ಸೆಟ್ಟಿಗೆ ಮುಗಿಬೀಳುತ್ತವೆ. ಪಾಠದ ಉದಾಹರಣೆಗಳಲ್ಲಿ ಸಾಲಿನ ಉದ್ದವನ್ನು 1024 ಎಂದೇ ಇಡುವುದು ರೂಢಿ. ಸಾಲುಗಳ ನಡುವಿನ ಅಂತರ ಆಗ ಕರಾರುವಾಕ್ಕಾಗಿ 4096 ಬೈಟ್!

ಇದರ ಪರಿಣಾಮವನ್ನು ನೋಡಲು ಎರಡು ಅರೇಗಳನ್ನು ಪಕ್ಕಪಕ್ಕ ಇಡೋಣ. ಒಂದು 400 ಸಾಲು, 1024 ಕಾಲಂ. ಇನ್ನೊಂದು 400 ಸಾಲು, 1040 ಕಾಲಂ. ಎರಡನೆಯದು ಸ್ವಲ್ಪ ದೊಡ್ಡದು. ಪ್ರತಿ ಸಾಲಿಗೂ ಒಂದು ಲೈನಿನಷ್ಟು, ಅಂದರೆ 16 ಸಂಖ್ಯೆಗಳಷ್ಟು ಹೆಚ್ಚು.

ಮೊದಲ ಅರೇಯಲ್ಲಿ ಕಾಲಂ ಇಳಿಯುವಾಗ 400 ಲೈನುಗಳೂ ಒಂದೇ ಸೆಟ್ಟಿಗೆ ಬರುತ್ತವೆ. ಅಲ್ಲಿ ಸ್ಥಳ 8ಕ್ಕೆ ಮಾತ್ರ. ಒಂಬತ್ತನೆಯ ಸಾಲಿಗೆ ಬರುವಾಗಲೇ ಮೊದಲ ಸಾಲಿನ ಲೈನು ಹೊರಹೋಗುತ್ತದೆ. ಕ್ಯಾಶೆಯ ಉಳಿದ 63 ಸೆಟ್ಟುಗಳು ಈ ಕೆಲಸಕ್ಕೆ ಒದಗುವುದೇ ಇಲ್ಲ. ಎರಡನೆಯ ಕಾಲಂಗೆ ಬಂದಾಗ ಬೇಕಾದ ಯಾವ ಲೈನೂ ಅಲ್ಲಿರುವುದಿಲ್ಲ. ಒಟ್ಟು 4,09,600 ಓದುಗಳಿಗೆ 4,09,600 ಮಿಸ್. ಸಾಲಿನ ಕ್ರಮದಲ್ಲಿ ಇದೇ ಅರೇಗೆ ಆಗುವುದು 25,600. ಜನಪ್ರಿಯ ವಾದ ಹೇಳುವ 16 ಪಟ್ಟು ಇಲ್ಲಿ ಅಕ್ಷರಶಃ ನಿಜ.

ಎರಡನೆಯ ಅರೇಯಲ್ಲಿ ಸಾಲುಗಳ ಅಂತರ 4160 ಬೈಟ್, ಅಂದರೆ 65 ಲೈನು. 65ನ್ನು 64ರಿಂದ ಭಾಗಿಸಿದರೆ ಶೇಷ 1. ಒಂದು ಸಾಲಿನ ಲೈನು ಒಂದು ಸೆಟ್ಟಿಗೆ ಹೋದರೆ ಮುಂದಿನ ಸಾಲಿನದು ಅದರ ಪಕ್ಕದ ಸೆಟ್ಟಿಗೆ ಹೋಗುತ್ತದೆ. 400 ಲೈನುಗಳು 64 ಸೆಟ್ಟುಗಳಲ್ಲಿ ಸಮನಾಗಿ ಹರಡಿ, ಸೆಟ್ಟಿಗೆ ಆರೋ ಏಳೋ ಬಂದು ಕೂರುತ್ತವೆ. ಮಿತಿ 8, ಹಾಗಾಗಿ ಯಾವುದೂ ಹೊರಬೀಳುವುದಿಲ್ಲ. 16 ಕಾಲಂಗಳ ಪ್ರತಿ ಪಟ್ಟಿಗೆ 400 ಮಿಸ್, ಅಂಥ ಪಟ್ಟಿಗಳು 65, ಒಟ್ಟು 26,000. ಸಾಲಿನ ಕ್ರಮದಲ್ಲಿ ಎಷ್ಟು? 4,16,000 ಸಂಖ್ಯೆಗಳನ್ನು 16ರಿಂದ ಭಾಗಿಸಿ: ಅದೂ 26,000. ಎರಡೂ ಕ್ರಮಗಳಿಗೆ ಮಿಸ್ ಸಮ.

ದೊಡ್ಡ ಅರೇಗೆ ಮಿಸ್ ಕಡಿಮೆ, ಚಿಕ್ಕದಕ್ಕೆ ಹೆಚ್ಚು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಈ ಫಲಿತಾಂಶ. ವಿಜ್ಞಾನ, ಚಿತ್ರ ಸಂಸ್ಕರಣೆಯ ಪ್ರೋಗ್ರಾಂಗಳಲ್ಲಿ ಸಾಲಿನ ಕೊನೆಗೆ ಬಳಸದ ಕೆಲವು ಸಂಖ್ಯೆಗಳ ಜಾಗ ಬಿಡುವುದನ್ನು ನೀವು ನೋಡಿರಬಹುದು. ಪ್ಯಾಡಿಂಗ್ ಎನ್ನುವ ಆ ಅಭ್ಯಾಸದ ಹಿಂದಿರುವ ಕಾರಣಗಳಲ್ಲಿ ಇದೂ ಒಂದು.

ಕಾಗದದ ಮೇಲಿನ ಈ ಲೆಕ್ಕವನ್ನು ಯಾರು ಬೇಕಾದರೂ ಮನೆಯಲ್ಲೇ ಪರೀಕ್ಷಿಸಬಹುದು. ಲಿನಕ್ಸ್‌ನಲ್ಲಿ ವ್ಯಾಲ್‌ಗ್ರಿಂಡ್ ಎಂಬ ಉಚಿತ ಸಾಧನವಿದೆ. ಅದರೊಳಗಿನ ಕ್ಯಾಶೆಗ್ರಿಂಡ್ ಭಾಗ ಒಂದು ಕಲ್ಪಿತ ಕ್ಯಾಶೆಯನ್ನು ಕಟ್ಟಿ, ಪ್ರೋಗ್ರಾಂ ಮಾಡುವ ಪ್ರತಿ ಓದನ್ನೂ ಅದರ ಮೂಲಕ ಹಾಯಿಸಿ ಮಿಸ್‌ಗಳನ್ನು ಎಣಿಸುತ್ತದೆ. ನಮ್ಮ ಲೆಕ್ಕದ ಕ್ಯಾಶೆಯನ್ನೇ ಅದಕ್ಕೆ ಹೇಳಿಕೊಡಬಹುದು:

```
gcc -O1 -g matrix.c -o matrix
valgrind --tool=cachegrind --cache-sim=yes \
         --D1=32768,8,64 ./matrix
```

ಕೊನೆಯಲ್ಲಿರುವ ಮೂರು ಸಂಖ್ಯೆಗಳು ಕ್ರಮವಾಗಿ ಕ್ಯಾಶೆಯ ಗಾತ್ರ, ಸೆಟ್ಟಿಗೆ ಎಷ್ಟು ಲೈನು, ಲೈನಿಗೆ ಎಷ್ಟು ಬೈಟು ಎಂಬುದನ್ನು ಹೇಳುತ್ತವೆ. ಒಂದು ಸಲಕ್ಕೆ ಒಂದೇ ಕ್ರಮದ ಲೂಪ್ ಓಡಿಸಿ, ಓದಿನ ಮಿಸ್‌ಗಳ ಸಂಖ್ಯೆಯನ್ನು ಮಾತ್ರ ನೋಡಿ. ಪ್ರೋಗ್ರಾಂ ಶುರುವಾಗುವಾಗ ಆಗುವ ಮಿಸ್‌ಗಳೂ ಅದರಲ್ಲಿ ಸೇರುತ್ತವೆ, ಅರೇ ಲೈನಿನ ಅಂಚಿಗೆ ಸರಿಯಾಗಿ ಶುರುವಾಗದಿದ್ದರೆ ಎಣಿಕೆ ಇನ್ನೂ ಸ್ವಲ್ಪ ಸರಿಯುತ್ತದೆ. ಇಪ್ಪತ್ತಾರು ಸಾವಿರಕ್ಕೂ ನಾಲ್ಕು ಲಕ್ಷಕ್ಕೂ ಇರುವ ಅಂತರದ ಮುಂದೆ ಇವು ಗಣನೆಗೆ ಬರುವುದಿಲ್ಲ.

ಆದರೆ ಈ ಸಾಧನ ಎಣಿಸುವುದು ಮಿಸ್‌ಗಳನ್ನು, ಕಾಲವನ್ನಲ್ಲ. ವಾದದ ಎರಡನೆಯ ಸಡಿಲ ಕೊಂಡಿ ಇರುವುದು ಇಲ್ಲಿ: ಮಿಸ್ 16 ಪಟ್ಟಾದರೆ ಸಮಯವೂ 16 ಪಟ್ಟು ಎಂದು ನಂಬುವುದು. ಎಲ್1ರಲ್ಲಿ ಸಿಗದ್ದು ಬಹುತೇಕ ಅದರ ಹಿಂದಿನ ಎಲ್2ರಲ್ಲಿ ಸಿಗುತ್ತದೆ. ಅಲ್ಲಿಂದ ತರುವುದಕ್ಕೆ ಬೇಕಾಗುವುದು ಹತ್ತು ಹದಿನೈದು ಬಡಿತ, ಮುಖ್ಯ ಮೆಮೊರಿಯ ನೂರಾರು ಬಡಿತಗಳಲ್ಲ. ಅಲ್ಲದೆ ಈಗಿನ ಪ್ರೊಸೆಸರುಗಳು ಒಂದು ಲೈನು ಬರುವವರೆಗೆ ಸುಮ್ಮನೆ ಕೂರುವುದಿಲ್ಲ. ನಮ್ಮ ಲೂಪಿನಲ್ಲಿ ಮುಂದಿನ ವಿಳಾಸ ಯಾವುದೆಂದು ಮೊದಲೇ ಗೊತ್ತಿರುವುದರಿಂದ ಹತ್ತಾರು ಲೈನುಗಳಿಗೆ ಒಟ್ಟಿಗೇ ಬೇಡಿಕೆ ಹೋಗಿರುತ್ತದೆ. ಅತ್ತ ಸಾಲಿನ ಕ್ರಮದಲ್ಲಿ ಮಿಸ್‌ಗಳ ಬೆಲೆ ಇನ್ನೂ ಕಡಿಮೆ, ಏಕೆಂದರೆ ಒಂದರ ಪಕ್ಕ ಒಂದು ಲೈನು ಓದುತ್ತಿರುವುದನ್ನು ಗಮನಿಸಿ ಮುಂದಿನದನ್ನು ಕೇಳುವ ಮೊದಲೇ ತಂದಿಡುವ ಪ್ರಿಫೆಚರ್ ಎಂಬ ವ್ಯವಸ್ಥೆ ಚಿಪ್ಪಿನಲ್ಲೇ ಇದೆ. 4096 ಬೈಟುಗಳ ನೆಗೆತವನ್ನು ಅದು ಸಾಮಾನ್ಯವಾಗಿ ಹಿಡಿಯಲಾರದು; ಕ್ಯಾಶೆಗ್ರಿಂಡ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೀಗೆ ಎರಡೂ ಕಡೆ ಎಳೆತವಿರುವುದರಿಂದ ಸಮಯದ ಅನುಪಾತ 16ಕ್ಕಿಂತ ಕಡಿಮೆಯೂ ಆಗಬಹುದು, ಹೆಚ್ಚೂ ಆಗಬಹುದು. ಅದು ಸರಿಯಾಗಿ 16 ಬಂದರೆ ಅದನ್ನು ವಾದಕ್ಕೆ ಪುರಾವೆ ಎಂದು ಹಿಡಿಯುವುದು ಸಲ್ಲದು.

ಹಾಗಾದರೆ ಮಿಸ್‌ಗಳು ಸಮನಾಗಿರುವ 1040 ಕಾಲಂಗಳ ಅರೇಯನ್ನು ನಿಜವಾದ ಯಂತ್ರದಲ್ಲಿ ಓಡಿಸಿದರೆ ಎರಡೂ ಕ್ರಮ ಸಮಸಮ ಬರುತ್ತವೆಯೇ? ಬರುವುದಿಲ್ಲ, ಸಾಲಿನ ಕ್ರಮವೇ ಮುಂದಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಒಂದು ಕಾರಣ ಪ್ರಿಫೆಚರ್ ಎಂದು ಈಗಷ್ಟೇ ನೋಡಿದೆವು. ಇನ್ನೊಂದು ಕಾರಣ ವಿಳಾಸದ ಅನುವಾದ. ಪ್ರೋಗ್ರಾಂ ಬಳಸುವ ವಿಳಾಸ ನಿಜವಾದ ಚಿಪ್ಪಿನ ವಿಳಾಸವಲ್ಲ. ಮೆಮೊರಿಯನ್ನು ಸಾಮಾನ್ಯವಾಗಿ 4096 ಬೈಟುಗಳ ಪೇಜುಗಳಾಗಿ ಹಂಚಿ, ಯಾವ ಪೇಜು ಎಲ್ಲಿದೆ ಎಂಬ ಪಟ್ಟಿಯನ್ನು ಆಪರೇಟಿಂಗ್ ಸಿಸ್ಟಂ ಇಟ್ಟಿರುತ್ತದೆ. ಈಚೆಗೆ ಬಳಸಿದ ಪೇಜುಗಳ ವಿವರವನ್ನು ಪ್ರೊಸೆಸರ್ ಟಿಎಲ್‌ಬಿ ಎಂಬ ಪುಟ್ಟ ಕೋಷ್ಟಕದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಹಲವು ಇಂಟೆಲ್ ಚಿಪ್ಪುಗಳಲ್ಲಿ ಅದರ ಮೊದಲ ಹಂತಕ್ಕೆ 64 ನಮೂದುಗಳಷ್ಟೇ. ನಮ್ಮ ಸಾಲುಗಳ ಅಂತರ 4160 ಬೈಟ್, ಆದ್ದರಿಂದ ಕಾಲಂ ಇಳಿಯುವಾಗ ಪ್ರತಿ ಹೆಜ್ಜೆಗೂ ಹೊಸ ಪೇಜು, ಒಟ್ಟು 400 ಪೇಜು. ಸಂಖ್ಯೆ ಎಲ್1ರಲ್ಲೇ ಕೂತಿದ್ದರೂ ಅದರ ವಿಳಾಸಕ್ಕಾಗಿ ಪ್ರತಿ ಸಲ ಎರಡನೆಯ ಹಂತದ ಕೋಷ್ಟಕಕ್ಕೆ ಹೋಗಬೇಕು. ಟಿಎಲ್‌ಬಿಯೂ ಒಂದು ಬಗೆಯ ಕ್ಯಾಶೆಯೇ ತಾನೆ ಎಂದು ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ಆದರೆ 16 ಸಂಖ್ಯೆಗಳ ಲೈನನ್ನು ಆಧಾರವಾಗಿಟ್ಟುಕೊಂಡ ಮೂಲ ವಾದದಲ್ಲಿ ಇದರ ಸುಳಿವೇ ಇಲ್ಲ.

ಮೂರನೆಯ ಕಾರಣಕ್ಕೂ ಕ್ಯಾಶೆಗೂ ಸಂಬಂಧವೇ ಇಲ್ಲ. ಪಕ್ಕಪಕ್ಕದ ನಾಲ್ಕು ಅಥವಾ ಎಂಟು `int`ಗಳನ್ನು ಒಂದೇ ಆದೇಶದಲ್ಲಿ ಎತ್ತಿ ಕೂಡಿಸುವ ಸಾಮರ್ಥ್ಯ ಪ್ರೊಸೆಸರುಗಳಿಗಿದೆ. ಒಳಗಿನ ಲೂಪ್ ಸಾಲಿನ ಉದ್ದಕ್ಕೂ ಹೋದರೆ ಕಂಪೈಲರ್ ಈ ಆದೇಶಗಳನ್ನು ಸುಲಭವಾಗಿ ಬಳಸುತ್ತದೆ. ವೆಕ್ಟರೈಸೇಷನ್ ಎಂದರೆ ಇದೇ. ದೂರ ದೂರ ಹರಡಿರುವ ಸಂಖ್ಯೆಗಳಿಗೆ ಆ ಅನುಕೂಲವಿಲ್ಲ.

ಇದನ್ನು ಕ್ಯಾಶೆಯಿಂದ ಬೇರ್ಪಡಿಸಿ ನೋಡುವ ದಾರಿ ಸರಳ: ಕ್ಯಾಶೆಗೆ ಕೆಲಸವೇ ಇಲ್ಲದಂತೆ ಮಾಡುವುದು. 64 ಸಾಲು, 64 ಕಾಲಂಗಳ ಅರೇ 16 ಕಿಲೋಬೈಟ್. ಅದು ಇಡಿಯಾಗಿ ಎಲ್1ರಲ್ಲಿ ಹಿಡಿಯುತ್ತದೆ, ಪೇಜುಗಳೂ ನಾಲ್ಕೋ ಐದೋ ಮಾತ್ರ. ಅದನ್ನು ಲಕ್ಷ ಸಲ ಓದಿಸಿ ಕಾಲವನ್ನು ಅಳೆಯಿರಿ. ಮೊದಲ ಸುತ್ತಿನ ನಂತರ ಯಾವ ಕ್ರಮಕ್ಕೂ ಮಿಸ್ ಇರುವುದಿಲ್ಲ. ಇಲ್ಲೂ ಸಾಲಿನ ಕ್ರಮ ಗೆದ್ದರೆ ಆ ಗೆಲುವು ಕ್ಯಾಶೆಯದ್ದಲ್ಲ. `-fno-tree-vectorize` ಕೊಟ್ಟು ಮತ್ತೆ ಕಂಪೈಲ್ ಮಾಡಿದಾಗ ಅಂತರ ಕರಗಿದರೆ ಅದು ಎಲ್ಲಿಂದ ಬಂದಿತ್ತೆಂದು ತಿಳಿಯುತ್ತದೆ. `int` ಬದಲಿಗೆ `double` ಬಳಸಿದರೆ ಇನ್ನೊಂದು ಬದಲಾವಣೆ ಕಾಣುತ್ತದೆ. ದಶಮಾಂಶ ಸಂಖ್ಯೆಗಳ ಕೂಡಿಕೆಯ ಕ್ರಮ ಬದಲಿಸಿದರೆ ಉತ್ತರ ತುಸು ಬದಲಾಗಬಹುದು, ಹಾಗಾಗಿ `-ffast-math` ಎಂದು ನೀವು ಅನುಮತಿ ಕೊಡದೆ ಜಿಸಿಸಿ ಆ ಮೊತ್ತವನ್ನು ನಾಲ್ಕು ಪಾಲು ಮಾಡಿ ಕೂಡಿಸುವುದಿಲ್ಲ. ಪ್ರತಿ ಕೂಡಿಕೆಯೂ ಹಿಂದಿನದು ಮುಗಿಯುವವರೆಗೆ ಕಾಯುತ್ತದೆ. ಆಗ ಆ ಕಾಯುವಿಕೆಯೇ ವೇಗವನ್ನು ನಿರ್ಧರಿಸುವುದರಿಂದ ಈ ಚಿಕ್ಕ ಅರೇಯಲ್ಲಿ ಎರಡೂ ಕ್ರಮಗಳು ಹೆಚ್ಚು ಕಡಿಮೆ ಒಂದೇ ಸಮಯ ತೆಗೆದುಕೊಳ್ಳುತ್ತವೆ.

ಕಾಲ ಅಳೆಯಲು ಹೊರಟವರು ಹುಷಾರಾಗಿರಬೇಕಾದ ಜಾಗಗಳೂ ಇವೆ. ಮೊತ್ತವನ್ನು ಕೊನೆಗೆ ಮುದ್ರಿಸದಿದ್ದರೆ, ಬಳಕೆಯಾಗದ ಲೆಕ್ಕವೆಂದು ಕಂಪೈಲರ್ ಲೂಪನ್ನೇ ತೆಗೆದುಹಾಕಿ ಎರಡೂ ಕ್ರಮಗಳಿಗೆ ಸೊನ್ನೆ ಸಮಯ ತೋರಿಸುತ್ತದೆ. ಲಕ್ಷ ಸಲದ ಪುನರಾವರ್ತನೆಯೂ ಹಾಗೆಯೇ; ಪ್ರತಿ ಸುತ್ತಿನಲ್ಲಿ ಅರೇಯ ಒಂದಾದರೂ ಸಂಖ್ಯೆ ಬದಲಾಗದಿದ್ದರೆ ಒಂದೇ ಸಲ ಲೆಕ್ಕ ಹಾಕಿ ಮುಗಿಸುವ ಹಕ್ಕು ಕಂಪೈಲರಿಗಿದೆ. ಜಿಸಿಸಿ 8ನೆಯ ಆವೃತ್ತಿಯಿಂದ `-O3` ಮಟ್ಟದಲ್ಲಿ ಲೂಪುಗಳನ್ನು ತಾನೇ ಅದಲು ಬದಲು ಮಾಡುವ ಶಕ್ತಿಯನ್ನೂ ಪಡೆದಿದೆ, ಆದ್ದರಿಂದ ನೀವು ಕಾಲಂ ಕ್ರಮ ಎಂದು ಅಳೆಯುತ್ತಿರುವುದು ಒಳಗೆ ಸಾಲಿನ ಕ್ರಮವೇ ಆಗಿರಬಹುದು. `-fno-loop-interchange` ಕೊಟ್ಟರೆ ಆ ಅನುಮಾನ ನೀಗುತ್ತದೆ.

ಎಲ್ಲಕ್ಕಿಂತ ಮೋಸದ್ದು ಒಂದಿದೆ. ಅರೇಗೆ ಏನನ್ನೂ ಬರೆಯದೆ, ಎಲ್ಲ ಸೊನ್ನೆಯೇ ಇರುತ್ತದಲ್ಲ ಎಂದು ನೇರವಾಗಿ ಓದಲು ಶುರು ಮಾಡಿದರೆ ಲಿನಕ್ಸ್ ಅದಕ್ಕೆ ಬೇರೆ ಬೇರೆ ಪೇಜುಗಳನ್ನು ಕೊಡುವುದಿಲ್ಲ. ಸೊನ್ನೆಗಳಿಂದ ತುಂಬಿದ ಒಂದೇ ಪೇಜನ್ನು ಎಲ್ಲ ವಿಳಾಸಗಳಿಗೂ ತೋರಿಸಿಬಿಡುತ್ತದೆ. ನೂರಾರು ಮೆಗಾಬೈಟಿನ ಅರೇ ನಿಜವಾಗಿ 4096 ಬೈಟುಗಳಲ್ಲಿ ಕೂತಿರುತ್ತದೆ, ಆ ಬೈಟುಗಳು ಸದಾ ಎಲ್1ರಲ್ಲೇ ಇರುತ್ತವೆ, ನಾವು ಹುಡುಕುತ್ತಿರುವ ಮಿಸ್‌ಗಳು ಮಾಯ. ಅದೂ ಅಲ್ಲದೆ ಒಂದು ಪೇಜನ್ನು ಮೊದಲ ಸಲ ಮುಟ್ಟಿದಾಗ ಆಪರೇಟಿಂಗ್ ಸಿಸ್ಟಂ ನಡುವೆ ಬಂದು ಕೆಲಸ ಮಾಡಬೇಕಾಗುತ್ತದೆ. ಆ ಖರ್ಚು ಮೊದಲು ಓಡುವ ಲೂಪಿನ ತಲೆಗೆ ಬೀಳುತ್ತದೆ, ಅದು ಯಾವ ಕ್ರಮದ್ದೇ ಆಗಿರಲಿ. ಅರೇಯ ಪ್ರತಿ ಸ್ಥಾನಕ್ಕೂ ಮೊದಲು ಸೊನ್ನೆಯಲ್ಲದ ಬೆಲೆ ಬರೆದು, ಆಮೇಲೆ ಅಳತೆ ಶುರು ಮಾಡಿ, ಎರಡು ಕ್ರಮಗಳನ್ನೂ ಹಿಂದುಮುಂದು ಮಾಡಿ ಓಡಿಸಿದರೆ ಎರಡೂ ತೊಂದರೆ ತಪ್ಪುತ್ತವೆ.

ನಿಮ್ಮ ಯಂತ್ರದ ಸಂಖ್ಯೆಗಳು ನನ್ನ ಲೆಕ್ಕದವಕ್ಕಿಂತ ಬೇರೆಯಾಗಿದ್ದರೆ ಅದರಲ್ಲಿ ತಪ್ಪೇನಿಲ್ಲ. ಇಂಟೆಲ್‌ನ ಈಚಿನ ಹಲವು ಚಿಪ್ಪುಗಳಲ್ಲಿ ಎಲ್1 48 ಕಿಲೋಬೈಟ್, ಸೆಟ್ಟುಗಳು 64ರಷ್ಟೇ, ಸೆಟ್ಟಿಗೆ 12 ಲೈನು. ಅಲ್ಲಿ 1024 ಕಾಲಂಗಳ ಅರೇ ಎಡವುವುದು ಒಂಬತ್ತನೆಯ ಸಾಲಿನಲ್ಲಲ್ಲ, ಹದಿಮೂರನೆಯದರಲ್ಲಿ. 1040 ಕಾಲಂಗಳದ್ದಕ್ಕೆ ಗಡಿ 512ರಿಂದ 768 ಸಾಲುಗಳತ್ತ ಸರಿಯುತ್ತದೆ. ಆಪಲ್‌ನ ಎಂ ಸರಣಿಯ ಚಿಪ್ಪುಗಳಲ್ಲಿ ಕ್ಯಾಶೆ ಲೈನ್ 128 ಬೈಟ್ ಎಂದು ಸಿಸ್ಟಮ್ಮೇ ಹೇಳುತ್ತದೆ, ಆದ್ದರಿಂದ ಅಲ್ಲಿ 16ರ ಜಾಗದಲ್ಲಿ 32 ಹಾಕಿಕೊಂಡು ಲೆಕ್ಕವನ್ನು ಮೊದಲಿನಿಂದ ಮಾಡಬೇಕು. ಲಿನಕ್ಸ್‌ನಲ್ಲಿ `getconf -a | grep CACHE` ಎಂದು ಕೊಟ್ಟರೆ ಸಾಮಾನ್ಯ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಗಾತ್ರ, ಸೆಟ್ಟಿನ ಸ್ಥಳ, ಲೈನಿನ ಉದ್ದ ಮೂರೂ ಸಿಗುತ್ತವೆ. ಮೊದಲು ಆ ಮೂರನ್ನು ಬರೆದುಕೊಂಡು, ಎಷ್ಟನೆಯ ಸಾಲಿನಲ್ಲಿ ಕಾಲಂ ಕ್ರಮ ಮುಗ್ಗರಿಸಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿ, ಸಾಲುಗಳನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಅಳೆಯಿರಿ. ಹೇಳಿದ ಜಾಗದ ಆಸುಪಾಸಿನಲ್ಲೇ ಸಮಯ ಜಿಗಿದರೆ ಕ್ಯಾಶೆಯ ವಾದ ನಿಮ್ಮ ಅರೇಗೆ ಅನ್ವಯಿಸುತ್ತದೆ. ಎಲ್ಲೂ ಜಿಗಿಯದೆ ಆರಂಭದಿಂದಲೂ ಅಂತರ ಒಂದೇ ತೆರನಾಗಿದ್ದರೆ ಕಂಪೈಲರ್ ಏನು ಮಾಡಿದೆ ಎಂದು `gcc -S` ಕೊಟ್ಟು ತೆರೆದು ನೋಡುವುದು ಮುಂದಿನ ಕೆಲಸ.